ನಿನ್ನೆ ಹೇಳಿದ್ದು ಸುಳ್ಳು ಎಂದ ಆಟೋ

ಶಿರಸಿಯಲ್ಲಿ ಮಾದೇವನ ಆಟೋದ ಮೈಕು ಬಾಯಿ ತೆರೆದರೆ ಸಿದ್ದಾಪುರದಲ್ಲಿ ಮಲಗಿದ್ದ ಎಮ್ಮೆ ಎದ್ದು ಕೂರುತ್ತಿತ್ತು. ಸುಳ್ಳು ಅನ್ನುವವರು ಬೇಕಾದರೆ ಆ ಎಮ್ಮೆಯನ್ನೇ ಕೇಳಿ. ಸೀರೆ ಸೇಲು, ಸರ್ಕಸ್ಸು, ಯಕ್ಷಗಾನ, ಕಳೆದುಹೋದ ನಾಯಿ, ಯಾವುದನ್ನು ಕೊಟ್ಟರೂ ಮಾದೇವ ಅದನ್ನು ಊದಿ ಊದಿ ಆನೆ ಮಾಡಿಬಿಡುತ್ತಿದ್ದ. ಒಮ್ಮೆ ಯಲ್ಲಾಪುರದ ಒಂದು ಹೊಸ ಹೋಟೆಲಿನ ಇಡ್ಲಿಯನ್ನು ಎಷ್ಟು ಮೆತ್ತಗೆ ಎಂದು ವರ್ಣಿಸಿದನೆಂದರೆ, ದಿಂಬು ಮಾರುವವನು ಬಂದು ವಿಚಾರಿಸಿಕೊಂಡು ಹೋದನಂತೆ.

ಇಂಥ ಮಾದೇವನಿಗೂ ಡಾಕ್ಟರ್ ನೇತ್ರಾ ಅವರ ಕ್ಲಿನಿಕ್ಕಿಗೂ ಗಂಟು ಬಿದ್ದದ್ದು ವಿಘ್ನೇಶ್ವರ ಹೆಗಡೆಯವರಿಂದ.

ಹೆಗಡೆಯವರದು ಶಿರಸಿ ಪೇಟೆಯಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಕಟ್ಟಡ. ನೇತ್ರಾ ಮತ್ತಿಘಟ್ಟದ ರೈತರ ಮನೆಯ ಮಗಳು. ಸರಕಾರಿ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು ಸ್ವಂತ ಕ್ಲಿನಿಕ್ ತೆರೆಯಲು ಜಾಗ ಹುಡುಕುತ್ತಿದ್ದಾಗ, ಹೆಗಡೆಯವರೇ ಕರೆದು ಕೆಳಗಿನ ಮಳಿಗೆ ಕೊಟ್ಟಿದ್ದರು. ನಮ್ಮ ಕಟ್ಟಡದಲ್ಲಿ ಡಾಕ್ಟರು ಇದ್ದಾರೆ ಎಂದು ಹೇಳಿಕೊಳ್ಳುವ ಆಸೆ ಅವರಿಗೆ. ಆದರೆ ಮಳೆಗಾಲ ಮುಗಿದರೂ ಕ್ಲಿನಿಕ್ಕಿನ ಬೆಂಚಿನ ಮೇಲೆ ರೋಗಿಗಳಿಗಿಂತ ಬೆಕ್ಕೇ ಹೆಚ್ಚು ಕೂತಿತ್ತು. ತಿಂಗಳಿಗೊಮ್ಮೆ ಲಾಡ್ಜಿನ ಕೋಣೆಗೆ ಬಂದು, ಶುಗರ್ ಗ್ಯಾರಂಟಿ ವಾಸಿ ಎಂದು ಪುಡಿ ಮಾರುವವನ ಮುಂದೆ ಮಾತ್ರ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಷ್ಟರಲ್ಲಿ ಉಲ್ಲಾಸ ಎಂಬ ಮೊಬೈಲ್ ವ್ಯಾಪಾರಿ ಆ ಮಳಿಗೆಯ ಮೇಲೆ ಕಣ್ಣು ಹಾಕಿದ. ದೀಪಾವಳಿಯೊಳಗೆ ಕ್ಲಿನಿಕ್ಕಿಗೆ ಜನ ಬರದಿದ್ದರೆ ಮಳಿಗೆ ಉಲ್ಲಾಸನಿಗೆ ಎಂದು ಹೆಗಡೆಯವರು ಹೇಳಿಬಿಟ್ಟರು.

ಆಗ ನೇತ್ರಾ ಕರೆಸಿದ್ದು ಸಂಹಿತಾಳನ್ನು. ಅವಳು ಹೆಗಡೆಯವರ ಅಣ್ಣನ ಮಗಳೇ. ಹುಬ್ಬಳ್ಳಿಯಲ್ಲಿ ಅಂಗಡಿ, ಕಂಪನಿಗಳಿಗೆ ಹೆಸರು ಕಟ್ಟಿಕೊಡುವ ಕೆಲಸ ಮಾಡಿ ಈಗ ಯಲ್ಲಾಪುರದಲ್ಲಿ ತನ್ನದೇ ಆಫೀಸು ಇಟ್ಟಿದ್ದಳು. ಬ್ರ್ಯಾಂಡಿಂಗ್ ಅಂದರೆ ಬಣ್ಣದ ಬೋರ್ಡು ಅಂದುಕೊಂಡಿದ್ದ ಹೆಗಡೆಯವರಿಗೆ ಅವಳು ಮಾಡಿದ್ದು ನೋಡಿ ತಲೆ ತಿರುಗಿತು. ಅವಳು ಒಂದು ವಾರ ಬಸ್‌ಸ್ಟ್ಯಾಂಡಿನಲ್ಲಿ, ಔಷಧಿ ಅಂಗಡಿಗಳ ಎದುರಿಗೆ ಸುಮ್ಮನೆ ಕೂತು ಹರಟೆ ಹೊಡೆದಳು.

"ಕೂಸೆ, ನಿಂಗೆ ಕೆಲಸ ಕೊಟ್ಟದ್ದು ಹರಟೆ ಹೊಡೆಯಲಾ?" ಎಂದರು ಹೆಗಡೆಯವರು.

"ಜನ ಎಂತಕ್ಕೆ ಹೆದರ್ತ ಹೇಳಿ ಕೇಳ್ತಾ ಇದ್ದೆ ಅಪ್ಪಚ್ಚಿ. ಅವಕ್ಕೆ ಕಾಯಿಲೆದಕ್ಕಿಂತ ಹೆಚ್ಚು ಹೆದರಿಕೆ ಕ್ಲಿನಿಕ್ಕಿಂದೇ ಇದ್ದು."

ಹೆದರಿಕೆಗಳು ಇಂಥವು: ಬಸ್ಸು ಹತ್ತಿ ಬಂದ ಮೇಲೆ ಡಾಕ್ಟರೇ ಇರುವುದಿಲ್ಲ. ಫೀಸು ಎಷ್ಟೆಂದು ಒಳಗೆ ಹೋದ ಮೇಲೇ ಗೊತ್ತಾಗುತ್ತದೆ. ತಮ್ಮ ಕೈಲಾಗದ ಕಾಯಿಲೆಯನ್ನೂ ಆಗುತ್ತದೆ ಎಂದು ಇಟ್ಟುಕೊಂಡು, ಕೊನೆಗೆ ಹುಬ್ಬಳ್ಳಿಗೆ ಓಡಿಸುತ್ತಾರೆ. ಸಂಹಿತಾ ಹೇಳಿದ್ದಿಷ್ಟೆ: ಈ ಹೆದರಿಕೆಗಳಿಗೆ ಉತ್ತರ ಕೊಡೋಣ, ಅದನ್ನು ದಿನಾ ನಡೆಸೋಣ, ಬೇರೇನೂ ಬೊಗಳೆ ಬೇಡ. ಬಾಗಿಲಲ್ಲಿ ಫೀಸು ಬರೆದ ಬೋರ್ಡು ಬಿತ್ತು. ಡಾಕ್ಟರು ಇವತ್ತು ಇದ್ದಾರೋ ಇಲ್ಲವೋ ಎಂದು ಬೆಳಗ್ಗೆ ಮೊದಲ ಬಸ್ಸಿಗೆ ಮುಂಚೆಯೇ ಕ್ಲಿನಿಕ್ಕಿನ ಫೋನಿನ ಸ್ಟೇಟಸ್ಸಿನಲ್ಲಿ ಬರತೊಡಗಿತು. ಔಷಧಿ ತೆಗೆದುಕೊಂಡು ಹೋದವರಿಗೆ ಎರಡು ದಿನ ಬಿಟ್ಟು ನರ್ಸ್ ಕಾವ್ಯಶ್ರೀ ಫೋನು ಮಾಡಿ, ಹೇಗಿದ್ದೀರಿ ಎಂದು ಕೇಳುತ್ತಿದ್ದಳು. ಬಂದವರನ್ನೆಲ್ಲ ಅವಳು ಕೇಳುತ್ತಿದ್ದ ಇನ್ನೊಂದು ಪ್ರಶ್ನೆ, "ನಿಮ್ಮನ್ನ ಇಲ್ಲಿಗೆ ಯಾರು ಕಳಿಸಿದ್ರು?" ಹೊಸಬರು ಎಷ್ಟು ಬಂದರು ಎನ್ನುವುದಕ್ಕಿಂತ ಒಮ್ಮೆ ಬಂದವರು ಮತ್ತೆ ಬಂದರೋ, ಇನ್ನೊಬ್ಬರನ್ನು ಕಳಿಸಿದರೋ ಎನ್ನುವುದೇ ಸಂಹಿತಾಳಿಗೆ ಮುಖ್ಯ.

ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಹೊರಗೋಡೆಯ ಮೇಲೆ ಒಂದು ಸಾಲು ಇತ್ತು: ನಮ್ಮಿಂದ ಆಗದಿದ್ದರೆ ಮೊದಲೇ ಹೇಳುತ್ತೇವೆ.

ಅದನ್ನು ಓದಿ ಹೆಗಡೆಯವರ ಎಲೆಯಡಿಕೆ ಗಂಟಲಲ್ಲೇ ನಿಂತಿತು. "ಎಂತದೇ ಇದು! ಅಡಕೆ ವ್ಯಾಪಾರಿ ‘ನಮ್ಮ ಅಡಕೆ ಹುಳುಕು’ ಹೇಳಿ ಬೋರ್ಡ್ ಹಾಕ್ತ್ನನೆ? ‘ಶುಗರ್ ಬೇರುಸಹಿತ ಮಾಯ’ ಹೇಳಿ ಬರೆ. ಗುಣ ಆದವರ ಫೋಟೋ ಹಾಕು."

"ಬರೆದ್ರೆ ನನ್ನ ರಿಜಿಸ್ಟ್ರೇಶನ್ನೇ ಹೋಗ್ತದೆ ಹೆಗಡೇರೆ," ಎಂದರು ನೇತ್ರಾ ನಗುತ್ತ. "ಶುಗರ್ ವಾಸಿ ಮಾಡ್ತೇನೆ ಅಂತ ಜಾಹೀರಾತು ಕೊಡೋದು ಕಾನೂನಿನ ಪ್ರಕಾರ ಅಪರಾಧ. ರೋಗಿಗಳ ಫೋಟೋ ಹಾಕಿ ಹೊಗಳಿಸ್ಕೊಳ್ಳೋದೂ ಡಾಕ್ಟರಿಗೆ ಸಲ್ಲ. ಮೇಲಾಗಿ ಅದು ನಿಜ ಅಲ್ಲ. ಶುಗರ್ ಹತೋಟಿಗೆ ತರಬಹುದು, ಅಷ್ಟೆ."

"ಹತೋಟಿ! ಹತೋಟಿ ಹೇಳಿದ್ರೆ ಯಾರು ಬತ್ತ?" ಎಂದು ಹೆಗಡೆಯವರು ಧೋತರ ಎತ್ತಿಕೊಂಡು ಹೊರನಡೆದರು.

ಮರುದಿನ ಬೆಳಗ್ಗೆ ನಡೆದದ್ದು ಸೀದಾ ಮಾದೇವನ ಆಟೋ ಸ್ಟ್ಯಾಂಡಿಗೆ.

ಅವತ್ತು ರವಿವಾರ. ಕ್ಲಿನಿಕ್ ಬಂದ್. ನೇತ್ರಾ ಮತ್ತಿಘಟ್ಟದ ಮನೆಗೆ ಹೋಗಿದ್ದರು. ಅಲ್ಲಿ ಫೋನಿಗೆ ಸಿಗ್ನಲ್ ಸಿಗಬೇಕೆಂದರೆ ಗುಡ್ಡ ಹತ್ತಬೇಕು. ಸಂಹಿತಾ ಯಲ್ಲಾಪುರದಾಚೆ ನಂದೊಳ್ಳಿಯಲ್ಲಿ ಗೆಳತಿಯ ಸೀಮಂತದಲ್ಲಿದ್ದಳು.

"ಮಾದೇವ, ಡಾಕ್ಟರ ಸುದ್ದಿ ಮೂರೂ ತಾಲೂಕಿಗೆ ಮುಟ್ಟಬೇಕು. ಶುಗರ್ ಬೇರುಸಹಿತ ಹೋಗ್ತದೆ ಅನ್ನು. ಉಳಿದಿದ್ದು ನಿಂಗೆ ಬಿಟ್ಟಿದ್ದು," ಎಂದರು ಹೆಗಡೆಯವರು.

ನಿಂಗೆ ಬಿಟ್ಟಿದ್ದು ಎಂಬ ಮಾತನ್ನು ಮಾದೇವನಿಗೆ ಹೇಳುವುದೂ, ಹಸಿದ ಕೋಣವನ್ನು ಬತ್ತದ ಗದ್ದೆಗೆ ಬಿಡುವುದೂ ಒಂದೇ. ಶಿರಸಿಯಲ್ಲಿ ಶುರುವಾಗುವಾಗ ಬರೀ ಶುಗರ್ ಇತ್ತು. ಸಿದ್ದಾಪುರ ಮುಟ್ಟುವ ಹೊತ್ತಿಗೆ ಬೆನ್ನುನೋವು, ಮಂಡಿನೋವು ಸೇರಿಕೊಂಡವು. ಘಟ್ಟದ ತಿರುವಿನಲ್ಲಿ ಕಿವುಡು ಹತ್ತಿಕೊಂಡಿತು. ಯಲ್ಲಾಪುರ ಪೇಟೆಯಲ್ಲಿ ಆಟೋ ನಿಂತಾಗ ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ:

"ಬನ್ನಿ ಬನ್ನಿ ಮಹನೀಯರೇ! ಕೋಲು ಊರಿ ಒಳಗೆ ಹೋದ ಅಜ್ಜ, ಕೋಲು ಬಿಟ್ಟು ಓಡ್ತಾ ಹೊರಗೆ ಬಂದ! ಕೋಲು ಇನ್ನೂ ಅಲ್ಲೇ ಇದೆ, ಬೇಕಾದವರು ನೋಡಬಹುದು! ಒಂದೇ ಸಲ ಬನ್ನಿ, ಮಾತ್ರೆ ಡಬ್ಬಿ ಹೊಳೆಗೆ ಬಿಸಾಡಿ!"

ಸೋಮವಾರ ಬೆಳಗ್ಗೆ ನೇತ್ರಾ ಕ್ಲಿನಿಕ್ಕಿಗೆ ಬಂದಾಗ ರಸ್ತೆಯೇ ಕಾಣಿಸಲಿಲ್ಲ. ಜನ! ಯಲ್ಲಾಪುರದ ಬಸ್ಸು ಕಿಟಕಿಯಲ್ಲೂ ಜನ ಇಟ್ಟುಕೊಂಡು ಬಂದಿತ್ತು. ಸಿದ್ದಾಪುರದವರು ಟೆಂಪೋ ಮಾಡಿಕೊಂಡು ಬಂದಿದ್ದರು. ಲೈನಿನ ಬಾಲ ಎಲ್ಲಿದೆ ಎಂದು ಹುಡುಕಲು ಹೋದವನು ಮಧ್ಯಾಹ್ನದವರೆಗೂ ತಿರುಗಿ ಬರಲಿಲ್ಲವಂತೆ. ಚಹಾ ಅಂಗಡಿಯವನು ಹಾಲಿಗೆ ನೀರು ಹಾಕಿ, ಆಮೇಲೆ ನೀರಿಗೆ ಹಾಲು ಹಾಕಿ, ಕೊನೆಗೆ ಬರೀ ಕಷಾಯ ಮಾರುತ್ತಿದ್ದ. ಹೆಗಡೆಯವರು ಮೆಟ್ಟಿಲ ಮೇಲೆ ಮದುಮಗನ ಅಪ್ಪನ ಹಾಗೆ ನಿಂತಿದ್ದರು. ಮಾದೇವ ಆಟೋವನ್ನು ಎದುರಿಗೇ ನಿಲ್ಲಿಸಿಕೊಂಡು ಶಾಬಾಸ್‌ಗಿರಿಗೆ ಕಾಯುತ್ತಿದ್ದ.

"ಎಂತದಿದು?" ಎಂದರು ನೇತ್ರಾ.

"ಬ್ರ್ಯಾಂಡಿಂಗು!" ಎಂದರು ಹೆಗಡೆಯವರು.

ಮೊದಲು ಒಳಗೆ ಬಂದದ್ದು ದಾಸನಕೊಪ್ಪದ ಗಿರಿಜವ್ವ. ಮೊದಲನೇ ಬಸ್ಸಿಗೆ ಬಂದು ಲೈನಿನ ತಲೆಯಲ್ಲಿ ನಿಂತಿದ್ದ ಗಟ್ಟಿ ಮುದುಕಿ. ಕುರ್ಚಿಯಲ್ಲಿ ಕೂತವಳೇ ಅಂಗೈ ಚಾಚಿದಳು.

"ಕೊಡ್ರಿ ಡಾಕ್ಟರ್ರವ್ವಾ, ಬೇರು ಕೀಳೋ ಔಷಧ. ದನ ಬಿಟ್ಟು ಬಂದೀನಿ, ಲಗೂನ ಹೋಗಬೇಕು."

"ಈಗ ಶುಗರಿಗೆ ಯಾವ ಮಾತ್ರೆ ತಗೊಳ್ತೀರಿ ಅಜ್ಜಿ?"

"ಇನ್ನ ಎಲ್ಲಿ ಮಾತ್ರಿ! ನಿನ್ನೆ ಮೈಕಿನ್ಯಾಗ ಹೇಳಿದ ಕೂಡ್ಲೆ ಡಬ್ಬಿ ಸಮೇತ ಕೆರಿಗೆ ಒಗದೀನ್ರಿ. ಸಂಜಿದೂ ತಗೊಂಡಿಲ್ಲ, ಮುಂಜಾಲೆದೂ ತಗೊಂಡಿಲ್ಲ. ಬರೂ ಮುಂದ ಎರಡು ಹೋಳಿಗಿ ಬ್ಯಾರೆ ತಿಂದೀನಿ, ಹ್ಯಾಂಗೂ ಬೇರು ಹೋಗತೈತಲ್ಲ ಅಂತ."

ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮುನ್ನೂರು ದಾಟಿ ಕೂತಿತ್ತು. ನೇತ್ರಾ ಗಾಬರಿ ತೋರಿಸದೆ ಬಿಪಿ ನೋಡಿದರು, ಮೂತ್ರ ತಪಾಸಣೆ ಮಾಡಿಸಿದರು, ವಾಂತಿ ಸುಸ್ತು ಇದೆಯೇ ಎಂದು ಕೇಳಿದರು. ಅಪಾಯದ ಲಕ್ಷಣ ಇರಲಿಲ್ಲ. ಗಿರಿಜವ್ವನನ್ನು ಕಾವ್ಯಶ್ರೀಯ ಹತ್ತಿರ ಕೂರಿಸಿ, ನೀರು ಕುಡಿಸಲು ಹೇಳಿ ಸೀದಾ ಹೊರಗೆ ಬಂದರು. ಆ ಲೈನಿನಲ್ಲಿ ಇನ್ನೂ ಎಷ್ಟು ಜನ ಡಬ್ಬಿ ಎಸೆದು ಬಂದಿದ್ದಾರೋ!

"ಮಾದೇವಣ್ಣ, ಮೈಕ್ ಕೊಡಿ."

ಹೆಗಡೆಯವರಿಗೆ ಪರಮಾನಂದ. "ಹಾಂ, ಸ್ವಾಗತ ಭಾಷಣ!"

ನೇತ್ರಾ ಆಟೋದ ಮೆಟ್ಟಿಲ ಮೇಲೆ ನಿಂತರು. "ಎಲ್ಲರಿಗೂ ನಮಸ್ಕಾರ. ನಿನ್ನೆ ಈ ಮೈಕಿನಲ್ಲಿ ನನ್ನ ಬಗ್ಗೆ ಹೇಳಿದ್ದು ಸುಳ್ಳು. ನಾನು ಹೇಳಿಸಿದ್ದಲ್ಲ, ಆದರೆ ನನ್ನ ಹೆಸರಲ್ಲಿ ಹೇಳಿದ್ದು, ಅದಕ್ಕೆ ಕ್ಷಮೆ ಕೇಳ್ತೇನೆ. ಶುಗರ್ ಬೇರುಸಹಿತ ಹೋಗೋ ಔಷಧ ನನ್ನತ್ರ ಇಲ್ಲ. ಕಿವುಡು, ಬೆನ್ನು ನಾನು ನೋಡೋದಿಲ್ಲ. ಕೋಲು ಬಿಟ್ಟು ಓಡಿದ ಅಜ್ಜ ಯಾರೂ ಇಲ್ಲ. ದಯವಿಟ್ಟು ಯಾರೂ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದವರು ಇದ್ದರೆ ಮೊದಲು ಅವರು ಮುಂದೆ ಬನ್ನಿ, ಇವತ್ತು ಫೀಸಿಲ್ಲ."

ಆಮೇಲೆ ಎದ್ದಿತು ನೋಡಿ ಗಲಾಟೆ!

"ಏ, ಟೆಂಪೋ ಮಾಡ್ಕಂಡು ಬಂದಿದ್ದೇವೆ ಮಾರಾಯ್ರೆ!"

"ಕೋಲಾದ್ರೂ ತೋರಿಸಿ!"

"ಮಾದೇವ ಎಲ್ಲಿ? ಅವನ ಬೇರು ಕೀಳ್ವ!"

ಮಾದೇವ ಆಟೋದ ಸೀಟಿನ ಕೆಳಗೆ ಹೇಗೆ ಹಿಡಿಸಿದನೋ, ಅದೊಂದು ಪವಾಡ ಮಾತ್ರ ಅವತ್ತು ನಿಜವಾಗಿ ನಡೆಯಿತು. ಜನ ಬೈದುಕೊಂಡು ಚದುರಿದರು. ಮಾತ್ರೆ ಬಿಟ್ಟವರು ಕೆಲವರು ಮುಖ ಸಣ್ಣ ಮಾಡಿಕೊಂಡು ಮುಂದೆ ಬಂದರು. ಗಿರಿಜವ್ವನಿಗೆ ನೇತ್ರಾ ಮೊದಲಿನ ಮಾತ್ರೆಯನ್ನೇ ಮತ್ತೆ ಬರೆದುಕೊಟ್ಟರು.

"ಇದು ಆಗಿನದ ಮಾತ್ರಿ ಐತಲ್ಲ?" ಎಂದಳು ಗಿರಿಜವ್ವ ಅನುಮಾನದಿಂದ.

"ಅದೇ. ಚೆನ್ನಾಗೇ ಇತ್ತು, ಬದಲಿಸೋ ಕಾರಣ ಇಲ್ಲ. ಹೋಳಿಗೆ ಮಾತ್ರ ಬಿಡಿ. ನಾಲ್ಕು ದಿನ ಬಿಟ್ಟು ಮತ್ತೆ ತೋರಿಸಿ."

"ಕೆರಿಗೆ ಒಗದ ಮಾತ್ರಿ ಮತ್ತ ಕೊಳ್ಳಾಕ ಶಿರಸಿಗೆ ಬಂದಂಗಾತು!" ಎಂದು ಗೊಣಗುತ್ತ ಅವಳು ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

ಸುದ್ದಿ ತಿಳಿದು ಸಂಹಿತಾ ಓಡಿಬಂದಾಗ ಬೆಂಚಿನ ಮೇಲೆ ಬೆಕ್ಕು ಮರಳಿ ಕೂತಿತ್ತು. ಹೆಗಡೆಯವರು ಕೆಂಡವಾಗಿದ್ದರು. "ಮನೆ ಬಾಗಿಲಿಗೆ ಬಂದ ಜನನ್ನ ಓಡ್ಸಿದ್ರಲೆ! ನಾಳೆನೇ ಉಲ್ಲಾಸನ್ನ ಕರೀತೆ."

"ಕರಿ ಅಪ್ಪಚ್ಚಿ. ಆದ್ರೆ ಮೊದ್ಲು ಆಟೋ ಬೇಕು," ಎಂದಳು ಸಂಹಿತಾ. ಸೀಟಿನ ಕೆಳಗೆ ಬಗ್ಗಿ ಕರೆದಳು, "ಮಾದೇವಣ್ಣ, ಹೊರಗೆ ಬನ್ನಿ. ಸುಳ್ಳು ಹೋದ ದಾರಿಯಲ್ಲೇ ನಿಜನೂ ಹೋಗಬೇಕು. ಇಲ್ಲಿಗೆ ಬಂದವರಿಗೆ ಡಾಕ್ಟ್ರು ಹೇಳಿದ್ರು. ಬರದೆ ಮನೇಲೇ ಡಬ್ಬಿ ಎಸೆದವರಿಗೆ ಯಾರು ಹೇಳ್ತಾರೆ? ಅದೇ ರಸ್ತೆ, ಅದೇ ಮೂಲೆ, ಅದೇ ಸೌಂಡು."

ಮಾದೇವ ತಲೆ ಹೊರಗೆ ಹಾಕಿದ. "ಅಕ್ಕಾ, ನಾನು ಸುಳ್ಳು ಹೇಳ್ದೆ ಅಂತ ನಾನೇ ಕೂಗುದಾ? ಇಪ್ಪತ್ತು ವರ್ಷದ ಹೆಸರು ಮಾರಾಯ್ರೆ! ನಾಳೆಯಿಂದ ನನ್ನ ಸೀರೆ ಸೇಲಿಗೆ ಯಾರು ಬರ್ತಾರೆ?"

"ಡಾಕ್ಟ್ರ ಕ್ಲಿನಿಕ್ಕೇ ಹೋಗ್ತಾ ಉಂಟು, ನಿಮಗೆ ಸೇಲಿನ ಚಿಂತೆಯಾ?"

ಮಾದೇವ ನೇತ್ರಾ ಅವರ ಮುಖ ನೋಡಿದ. ಅವರು ಬೈದರೆ ಸಹಿಸಬಹುದಿತ್ತು, ಅವರು ಬೈಯಲೇ ಇಲ್ಲ. "ಸಿದ್ದಾಪುರದಲ್ಲಿ ಒಬ್ಬರು ಮಾತ್ರೆ ಬಿಟ್ಟು ಬಿದ್ದರೂ ನನಗೆ ಈ ಕ್ಲಿನಿಕ್ ಬೇಡ ಮಾದೇವಣ್ಣ," ಎಂದರು ಅಷ್ಟೆ.

ಪೊಲೀಸ್ ಠಾಣೆಯಲ್ಲಿ ಮೈಕಿನ ಪರವಾನಿಗೆ ಮಾಡಿಸಿಕೊಂಡು ಆಟೋ ಹೊರಟಿತು. ಸಂಹಿತಾ ಪಕ್ಕದಲ್ಲಿ ಕಾವಲು ಕೂತಿದ್ದಳು. ಮಾದೇವನ ಬಾಯಿಯಿಂದ ಮೊದಲ ಸಲ ಉಪ್ಪು ಖಾರ ಇಲ್ಲದ ಮಾತು ಹೊರಬಿತ್ತು:

"ನಿನ್ನೆ ಈ ಆಟೋದಲ್ಲಿ ಹೇಳಿದ್ದು ಸುಳ್ಳು. ಶುಗರ್ ವಾಸಿ ಮಾಡುವ ಔಷಧ ಇಲ್ಲ. ಯಾರೂ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿದ್ದರೆ ನಿಮ್ಮ ಹತ್ತಿರದ ಡಾಕ್ಟರನ್ನು ಕಾಣಿ."

ಶಿರಸಿಯಲ್ಲಿ ಕ್ಷೌರಕ್ಕೆ ಕೂತಿದ್ದವರು ಅರ್ಧ ಗಡ್ಡದಲ್ಲೇ ಎದ್ದು ಹೊರಗೆ ಬಂದರು. ಸಿದ್ದಾಪುರದಲ್ಲಿ ಮೀನು ಮಾರುವವಳು ತಕ್ಕಡಿ ಮೇಲೆತ್ತಿದವಳು ಇಳಿಸಲು ಮರೆತಳು. ಮೀನು ಒಣಗಿತು ಅನ್ನುತ್ತಾರೆ. ಸೇಲು ಕೇಳಿದ್ದಾರೆ, ಸರ್ಕಸ್ಸು ಕೇಳಿದ್ದಾರೆ, ಮೈಕೊಂದು ತನ್ನ ಮಾತನ್ನೇ ನುಂಗುವುದನ್ನು ಮೂರು ತಾಲೂಕಿನಲ್ಲಿ ಯಾರು ಕೇಳಿದ್ದರು? ಜನ ಆಟೋದ ಹಿಂದೆ ಓಡಿಬಂದರು.

"ಏ ಮಾದೇವ, ಮೈಕ್ ಕೆಟ್ಟಿದ್ಯಾ, ತಲೆ ಕೆಟ್ಟಿದ್ಯಾ?"

"ಎರಡೂ ಸಮಾ ಇದೆ. ನಿನ್ನೆ ಕೆಟ್ಟಿತ್ತು!"

ಯಲ್ಲಾಪುರ ಪೇಟೆಯಲ್ಲಿ ಆಟೋಕ್ಕೆ ಮುಂದೆ ಹೋಗಲು ದಾರಿಯೇ ಸಿಗಲಿಲ್ಲ. ದ್ಯಾಮಪ್ಪ ಎಂಬ ಲಾರಿ ಡ್ರೈವರ್ ಎದುರಿಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತ.

"ಶುಗರ್ ವಾಸಿ ಆಗಂಗಿಲ್ಲ, ಕಿವಿ ನೋಡಂಗಿಲ್ಲ. ಮತ್ತ ಆ ಡಾಕ್ಟರು ಏನ್ ನೋಡ್ತಾರೋ ಮಾರಾಯ?"

"ಜ್ವರ, ಬಿಪಿ, ಶುಗರು, ಹೊಟ್ಟೆನೋವು, ದಮ್ಮು," ಎಂದ ಮಾದೇವ. "ಆಪರೇಶನ್ ಇಲ್ಲ, ಹೆರಿಗೆ ಇಲ್ಲ, ಎಕ್ಸ್‌ರೇ ಇಲ್ಲ. ರವಿವಾರ ಬಾಗಿಲು ಬಂದ್. ಫೀಸು ಹೊರಗೇ ಬರೆದದೆ. ತಮ್ಮಿಂದ ಆಗುದಿಲ್ಲ ಅಂದ್ರೆ ಮೊದ್ಲೇ ಹೇಳ್ತಾರೆ."

"ಆಗೂದಿಲ್ಲ ಅಂತ ಹೇಳೂ ಡಾಕ್ಟರಾ?" ದ್ಯಾಮಪ್ಪ ಸುತ್ತ ನೋಡಿದ. "ನಾ ಲಾರಿ ತಗೊಂಡು ಆರು ರಾಜ್ಯ ತಿರಗೀನಿ, ಇಂಥಾದ್ದು ಕಂಡಿಲ್ಲ!"

ಜನ ಹೋ ಎಂದರು. ಯಾರೋ ಸಿಳ್ಳೆ ಹಾಕಿದರು. ಅಷ್ಟು ಜನ, ಅಷ್ಟು ಉತ್ಸಾಹ, ಕೈಯಲ್ಲಿ ಮೈಕು! ಮಾದೇವನ ನಾಲಿಗೆ ತುದಿ ತುರಿಸಿತು. ಎದೆ ಉಬ್ಬಿಸಿ ಶುರುಮಾಡಿಯೇಬಿಟ್ಟ: "ಮಹನೀಯರೇ! ಹರಿಶ್ಚಂದ್ರನ ತುಂಡು, ಏಳೇಳು ಲೋಕದಲ್ಲೂ ಇಂಥ ಸತ್ಯವಂತ ಡಾಕ್ಟರ..."

ಸಂಹಿತಾ ಅಂಗೈಯಿಂದ ಮೈಕು ಮುಚ್ಚಿದಳು.

"ಅದೂ ಬೇಡ ಮಾದೇವಣ್ಣ."

"ಇದು ನಿಜ ಅಲ್ವಾ ಅಕ್ಕಾ!"

"ಹೊಗಳಿದ ಕೂಡ್ಲೇ ಜಾಹೀರಾತು ಆಗ್ತದೆ. ಡಾಕ್ಟ್ರು ಒಳ್ಳೆಯವರು ಅಂತ ನಾವು ಕೂಗುದಲ್ಲ. ತೋರಿಸ್ಕೊಂಡು ಹೋದವ್ರು ಮನೇಲಿ ಹೇಳ್ಬೇಕು."

ಮಾದೇವ ಉಬ್ಬಿದ ಎದೆಯ ಗಾಳಿಯನ್ನೆಲ್ಲ ಹೊರಗೆ ಬಿಟ್ಟ. ಆ ಗಾಳಿಗೆ ಎದುರಿನ ಅಂಗಡಿಯ ಬಾಳೆಗೊನೆ ಅಲ್ಲಾಡಿತು. ಆಮೇಲೆ ಮತ್ತೆ ಅದೇ ಸಪ್ಪೆ ನಾಲ್ಕು ಮಾತು ಹೇಳಿ ಆಟೋ ತಿರುಗಿಸಿದ.

ಮರುದಿನ ಕ್ಲಿನಿಕ್ಕಿಗೆ ಇಬ್ಬರು ಬಂದರು. ಅದರ ಮರುದಿನ ಒಬ್ಬರು. ಕಾವ್ಯಶ್ರೀ ಮಾತ್ರೆ ಬಿಟ್ಟಿದ್ದವರಿಗೆಲ್ಲ ಫೋನು ಮಾಡಿದಳು. ಮತ್ತೆ ಶುರು ಮಾಡಿದ್ರಾ, ಹೇಗಿದ್ದೀರಿ, ಅಷ್ಟೆ. ನೇತ್ರಾ ಮೇಜಿನ ಪುಸ್ತಕಗಳನ್ನು ಡಬ್ಬಿಗೆ ತುಂಬತೊಡಗಿದರು. ಹೆಗಡೆಯವರು ಉಲ್ಲಾಸನಿಗೆ, ಶುಕ್ರವಾರ ಬಂದು ಅಳತೆ ತೆಗೆದುಕೋ ಎಂದರು.

ಶುಕ್ರವಾರ ದಾಸನಕೊಪ್ಪದ ಬಸ್ಸು ಬಂದು ನಿಂತಿತು. ಅದರಿಂದ ಗಿರಿಜವ್ವ ಇಳಿದಳು. ಅವಳ ಹಿಂದೆ ಅವಳ ತಂಗಿ, ತಂಗಿಯ ಹಿಂದೆ ಅವಳ ಬೀಗಿತಿ, ಬೀಗಿತಿಯ ಹಿಂದೆ ಓಣಿಯೇ ಇಳಿಯಿತು.

"ಯಾರು ಕಳಿಸಿದ್ದು?" ಎಂದು ಕಾವ್ಯಶ್ರೀ ಕೇಳಿದಳು.

"ನಾನ ಕರಕೊಂಡು ಬಂದೀನಿ!" ಎಂದಳು ಗಿರಿಜವ್ವ. "ಹೊಸಾ ಮಾತ್ರಿ ಮಾರೂದು ಬಿಟ್ಟು, ಹಳೇದ ಚಲೋ ಐತಿ ತಗೋ ಅಂದ್ರಲ್ಲ ಡಾಕ್ಟರು, ಅದನ್ನ ಹೇಳಿದೆ. ಮ್ಯಾಲೆ ಈ ಹುಡುಗಿ ಫೋನ್ ಮಾಡಿ ಹ್ಯಾಂಗದೀರಿ ಅಂತು. ನನ್ನ ಮಗ ಮಾಡಂಗಿಲ್ಲ ಅಷ್ಟು!"

ಅಷ್ಟರಲ್ಲಿ ಸಿದ್ದಾಪುರದ ಒಬ್ಬರು ಬಂದರು. ಯಾರು ಕಳಿಸಿದ್ದು? "ಸುಳ್ಳು ಅಂತ ಕೂಗ್ತಾ ಹೋದ ಆಟೋ." ಯಲ್ಲಾಪುರದಿಂದ ದ್ಯಾಮಪ್ಪನ ಹೆಂಡತಿ ಬಂದಳು. ಅವಳಿಗೆ ಗಂಟಲ ಹತ್ತಿರ ಗಡ್ಡೆ ಇತ್ತು. ನೇತ್ರಾ ಮುಟ್ಟಿ ನೋಡಿ, ಇದು ನನ್ನ ಕೆಲಸ ಅಲ್ಲ ಎಂದು ಹೇಳಿ, ಹುಬ್ಬಳ್ಳಿಯ ಸರ್ಜನ್ನರಿಗೆ ಫೋನು ಮಾಡಿ ದಿನ ಗೊತ್ತು ಮಾಡಿ ಚೀಟಿ ಬರೆದುಕೊಟ್ಟರು. ಅವಳು ಹೊರಗೆ ಬಂದು ಲೈನಿಗೆಲ್ಲ ಕೇಳುವಂತೆ ಹೇಳಿದಳು, "ಖರೇನ ರೀ, ಆಗೂದಿಲ್ಲ ಅಂದ್ರು!" ಲೈನಿನಲ್ಲಿದ್ದವರು ಪ್ರಸಾದ ಸಿಕ್ಕಿದವರ ಹಾಗೆ ತಲೆಯಾಡಿಸಿದರು.

ಹೆಗಡೆಯವರು ಮೂಲೆಯ ಸ್ಟೂಲಿನ ಮೇಲೆ ಎಲ್ಲ ಕೇಳುತ್ತ ಕೂತಿದ್ದರು. ಕಿಸೆಯಲ್ಲಿ ತಮ್ಮ ಶುಗರಿಗೆಂದು ಗುಟ್ಟಾಗಿ ತಂದಿದ್ದ ಲಾಡ್ಜಿನವನ ಪುಡಿಯ ಪೊಟ್ಟಣ ಇತ್ತು. ಅದನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕಡೆಗೆ ಎದ್ದು, ಯಾರಿಗೂ ಕಾಣುವುದಿಲ್ಲ ಎಂದುಕೊಂಡು ಹೋಗಿ ಲೈನಿನ ಕೊನೆಯಲ್ಲಿ ನಿಂತರು.

ಆಗಲೇ ಬಂದ ಉಲ್ಲಾಸ, ಕೈಯಲ್ಲಿ ಅಳತೆಯ ಟೇಪು. ಜನರ ನಡುವೆ ನುಸುಳಿ ಗೋಡೆಯ ಕಡೆ ಹೊರಟ. ಗಿರಿಜವ್ವ ಅಂಗಿ ಹಿಡಿದೆಳೆದಳು.

"ಏ ತಮ್ಮಾ, ಎಲ್ಲಿ ನುಗ್ಗತಿ? ಲೈನ್ ಹಿಡಿ!"

"ಹೆಗಡೇರೆ, ಹೇಳಿ ಇವರಿಗೆ. ಅಳತೆ ತಗೊಳ್ಳಿಕ್ಕೆ ಬಂದದ್ದು ನಾನು!"

ಹೆಗಡೆಯವರು ಲೈನಿನಿಂದ ಕದಲಲಿಲ್ಲ. ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿದರು. "ಅಳತೆ ಬೇಡ ಉಲ್ಲಾಸ. ಬಿಪಿ ತೋರಿಸೋದಿದ್ರೆ ನನ್ನ ಹಿಂದೆ ನಿಲ್ಲು."

ಸಂಹಿತಾ ನೇತ್ರಾ ಅವರ ಡಬ್ಬಿಯಿಂದ ಪುಸ್ತಕ ತೆಗೆದು ಮತ್ತೆ ಮೇಜಿಗೆ ಜೋಡಿಸಲು ಶುರುಮಾಡಿದಳು. ಉಲ್ಲಾಸ ಟೇಪು ಕಿಸೆಗೆ ಹಾಕಿಕೊಂಡು ನಿಜವಾಗಿಯೂ ಹಿಂದೆ ನಿಂತ.

ಸಂಜೆ ಚಹಾ ಅಂಗಡಿಯಲ್ಲಿ ಎಲ್ಲರೂ ಮಾದೇವನನ್ನು ಸುತ್ತುವರಿದರು. "ಇವತ್ತು ಲೈನ್ ಎಷ್ಟುದ್ದ ಇತ್ತೋ ಮಾದೇವ?"

ಮಾದೇವ ಎದೆ ಉಬ್ಬಿಸಿದ. "ಬನವಾಸಿ ರಸ್ತೆ ದಾಟಿ, ಹೊಳೆ ದಾಟಿ..." ಎಂದವನು ಎದುರಿನ ಕ್ಲಿನಿಕ್ಕಿನ ಗೋಡೆ ನೋಡಿದ. ದೊಡ್ಡ ಅಕ್ಷರದ ಸಾಲು ಅವನನ್ನೇ ನೋಡುತ್ತಿತ್ತು. ಗಾಳಿ ಬಿಟ್ಟ.

"ಬಾಗಿಲಿಂದ ಈ ಅಂಗಡಿ ತನಕ ಇತ್ತು ಮಾರಾಯ. ಕೊನೆಯವನಿಗೆ ಬರೀ ಬಿಪಿ."

ಕೇಳಿದವರು ಬಾಯಿ ಬಿಟ್ಟು ಕೂತರು. ಮಾದೇವನ ಬಾಯಿಂದ ಅದಕ್ಕಿಂತ ನಂಬಲಾಗದ ಮಾತನ್ನು ಅವರು ಯಾವತ್ತೂ ಕೇಳಿರಲಿಲ್ಲ.